ಉದ್ದನೆಯ ಅರ್ಜಿ: ಫೋನ್ ಸಾಕೇ, ಕಂಪ್ಯೂಟರ್ ಬೇಕೇ?

ಬ್ಯಾಂಕ್ ನೌಕರಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಯ ಮನೆಯಲ್ಲಿ ಕಂಪ್ಯೂಟರ್ ಇರುವುದಿಲ್ಲ. ಫೋನ್ ಮಾತ್ರ ಎಲ್ಲರ ಕೈಯಲ್ಲೂ ಇದೆ. ಹಾಗಾಗಿ ಅರ್ಜಿ ಕರೆದ ಸುದ್ದಿ ಬಂದ ಕೂಡಲೇ ಫೋನಿನಲ್ಲೇ ಶುರು ಮಾಡುತ್ತಾರೆ. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಂಡು, ಕೊನೆಯ ದಿನದ ಸಂಜೆ ಸೈಬರ್ ಸೆಂಟರಿನ ಬಾಗಿಲಲ್ಲಿ ನಿಂತು, "ಅಣ್ಣಾ, ಅರ್ಧ ತುಂಬಿದೀನಿ, ಮುಂದಕ್ಕೆ ಹೋಗ್ತಾನೇ ಇಲ್ಲ" ಎನ್ನುತ್ತಾರೆ. ಇನ್ನು ಕೆಲವರು ಹತ್ತು ನಿಮಿಷದಲ್ಲಿ ಫೋನಿನಲ್ಲೇ ಮುಗಿಯುವ ಕೆಲಸಕ್ಕೂ ಬಸ್ಸು ಹತ್ತಿ ತಾಲೂಕು ಕೇಂದ್ರಕ್ಕೆ ಹೋಗಿ, ಸರದಿ ಕಾದು, ದುಡ್ಡು ಕೊಟ್ಟು ಮಾಡಿಸಿಕೊಂಡು ಬರುತ್ತಾರೆ. ಎರಡರಲ್ಲೂ ನಷ್ಟವಿದೆ. ಯಾವ ಅರ್ಜಿಯನ್ನು ಎಲ್ಲಿ ತುಂಬಬೇಕು ಎಂದು ಶುರು ಮಾಡುವ ಮೊದಲೇ ತಿಳಿದುಕೊಳ್ಳಲು ದಾರಿಯಿದೆ.

ಸಾಮಾನ್ಯವಾಗಿ ನಾವು ಅರ್ಜಿಯ ಉದ್ದ ನೋಡುತ್ತೇವೆ. ಪ್ರಶ್ನೆಗಳು ಹೆಚ್ಚಿದ್ದರೆ ಕಂಪ್ಯೂಟರ್, ಕಡಿಮೆಯಿದ್ದರೆ ಫೋನ್ ಎಂಬುದು ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಹೆಸರು, ತಂದೆಯ ಹೆಸರು, ವಿಳಾಸ, ಪಿನ್‌ಕೋಡ್ ಹೀಗೆ ತಲೆಯಲ್ಲೇ ಇರುವ ನಲವತ್ತು ಉತ್ತರಗಳನ್ನು ಫೋನಿನಲ್ಲಿ ಆರಾಮವಾಗಿ ತುಂಬಬಹುದು. ಅದೇ ಹನ್ನೆರಡು ಪ್ರಶ್ನೆಗಳ ಅರ್ಜಿಯೊಂದು ಅಂಕಪಟ್ಟಿ ನೋಡಿ ಬಾ, ಒಟಿಪಿ ತಾ, ಶೇಕಡಾವಾರು ಲೆಕ್ಕ ಹಾಕು, ಸಹಿಯ ಚಿತ್ರ ಏರಿಸು ಎಂದು ಕೇಳಿದರೆ ಫೋನಿನಲ್ಲಿ ಪ್ರಾಣ ಹಿಂಡುತ್ತದೆ. ನನ್ನ ಮಟ್ಟಿಗೆ ನಂಬಬಹುದಾದ ಅಳತೆ ಒಂದೇ: ಅರ್ಜಿ ತುಂಬುತ್ತಿರುವಾಗ ಆ ಪುಟವನ್ನು ಬಿಟ್ಟು ಎಷ್ಟು ಸಲ ಹೊರಗೆ ಹೋಗಬೇಕಾಗುತ್ತದೆ?

ಇದಕ್ಕೆ ಕಾರಣ ಫೋನ್ ಕೆಲಸ ಮಾಡುವ ರೀತಿಯಲ್ಲಿದೆ. ಫೋನಿನಲ್ಲಿ ನೀವು ನೋಡುತ್ತಿರುವ ಆ್ಯಪ್ ಒಂದೇ ಪೂರ್ತಿ ಎಚ್ಚರವಾಗಿರುತ್ತದೆ. ಬ್ರೌಸರಿನಿಂದ ಗ್ಯಾಲರಿಗೋ ಮೆಸೇಜಿಗೋ ಕ್ಯಾಮೆರಾಗೋ ಹೋದ ಕ್ಷಣ ಬ್ರೌಸರ್ ಹಿಂದೆ ಸರಿಯುತ್ತದೆ. ಹೊಸದಾಗಿ ತೆರೆದ ಆ್ಯಪಿಗೆ ಮೆಮೊರಿ ಸಾಲದೇ ಹೋದರೆ, ಹಿಂದೆ ಸರಿದಿದ್ದನ್ನು ಫೋನ್ ತಾನಾಗಿಯೇ ಮುಚ್ಚಿ ಜಾಗ ಮಾಡಿಕೊಳ್ಳುತ್ತದೆ. ಮೂರ್ನಾಲ್ಕು ಜಿಬಿ ರ‍್ಯಾಮ್ ಇರುವ ಫೋನುಗಳಲ್ಲಿ ಇದು ದಿನನಿತ್ಯದ ಸಂಗತಿ. ಕ್ಯಾಮೆರಾ ತೆರೆದಾಗಲಂತೂ ಹೆಚ್ಚು. ನೀವು ಮರಳಿ ಬಂದಾಗ ಬ್ರೌಸರ್ ಅದೇ ಪುಟವನ್ನು ಇಂಟರ್ನೆಟ್ಟಿನಿಂದ ಮತ್ತೆ ತರಿಸಿಕೊಳ್ಳುತ್ತದೆ. ಪುಟ ಬರುತ್ತದೆ, ಆದರೆ ನೀವು ತುಂಬಿದ್ದೆಲ್ಲ ಖಾಲಿ. ಕೆಲವು ಸಲ ಪುಟವೂ ಬರದೆ `Confirm Form Resubmission` ಎಂಬ ಸಾಲು ನಿಂತಿರುತ್ತದೆ. ತಾಣ ಹಾಳಾಗಿದೆ, ಸರ್ವರ್ ಡೌನ್ ಆಗಿದೆ ಎಂದು ಜನ ಬೈದುಕೊಳ್ಳುತ್ತಾರೆ. ಎಷ್ಟೋ ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ; ಕೈಯಲ್ಲಿರುವ ಫೋನ್ ಪುಟವನ್ನು ಕೈಬಿಟ್ಟಿರುತ್ತದೆ.

ಕಂಪ್ಯೂಟರಿನಲ್ಲಿ ಈ ತೊಂದರೆ ಬಹಳ ಕಡಿಮೆ. ಅದು ಮೇಜಿನ ಹಾಗೆ: ಅರ್ಜಿ ಒಂದು ಕಡೆ, ಅಂಕಪಟ್ಟಿ ಇನ್ನೊಂದು ಕಡೆ ಹರಡಿಕೊಂಡು ಎರಡನ್ನೂ ಒಟ್ಟಿಗೆ ನೋಡಬಹುದು. ವಿಂಡೋಸ್ ಇರುವ ಈಚಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಕೀಲಿ ಒತ್ತಿ ಹಿಡಿದು ಎಡಬಾಣ ಒತ್ತಿದರೆ ಅರ್ಜಿಯ ಪುಟ ಪರದೆಯ ಎಡ ಅರ್ಧಕ್ಕೆ ಸರಿದು ನಿಲ್ಲುತ್ತದೆ. ಬಲ ಅರ್ಧದಲ್ಲಿ ಅಂಕಪಟ್ಟಿಯ ಪಿಡಿಎಫ್ ಇಟ್ಟುಕೊಳ್ಳಬಹುದು. ಪುಟ ಬಿಟ್ಟು ಹೋಗುವ ಪ್ರಶ್ನೆಯೇ ಬರುವುದಿಲ್ಲ.

ಒಂದು ನಿಜವಾದ ಅರ್ಜಿಯನ್ನೇ ಎತ್ತಿಕೊಂಡು ನೋಡೋಣ. ಐಬಿಪಿಎಸ್ ಸಂಸ್ಥೆ ಪ್ರತಿವರ್ಷ ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೂ, ನಮ್ಮ ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೂ ಅರ್ಜಿ ಕರೆಯುತ್ತದೆ. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ ಬಳ್ಳಾರಿ ಕೇಂದ್ರವಾಗಿ ಈ ಬ್ಯಾಂಕು ಆದದ್ದು ಓದುಗರಿಗೆ ನೆನಪಿರಬಹುದು. ಗಂಗಾವತಿಯ ಕಡೆಯ ಒಬ್ಬ ಪದವೀಧರೆ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳೋಣ. ಕೈಯಲ್ಲಿ ಒಂದು ಸಾಧಾರಣ ಆಂಡ್ರಾಯ್ಡ್ ಫೋನ್ ಇದೆ. ಹತ್ತಿರದ ಪೇಟೆಯಲ್ಲಿ ಸೈಬರ್ ಸೆಂಟರ್ ಇದೆ.

ಆಕೆ ಮೊದಲು ಮಾಡಬೇಕಾದ್ದು ಅಧಿಸೂಚನೆಯ ಪಿಡಿಎಫ್ ಓದಿ, ಅರ್ಜಿ ಏನೇನು ಕೇಳುತ್ತದೆ ಎಂದು ನೋಡುವುದು. ಮೊದಲ ಹಂತದಲ್ಲಿ ಹೆಸರು, ಮೊಬೈಲ್ ನಂಬರು, ಇಮೇಲ್. ಅದು ಮುಗಿದರೆ ನೋಂದಣಿ ಸಂಖ್ಯೆ ಮತ್ತು ಪಾಸ್‌ವರ್ಡ್ ಪರದೆಯ ಮೇಲೂ, ಎಸ್ಸೆಮ್ಮೆಸ್ ಮತ್ತು ಇಮೇಲಿನಲ್ಲೂ ಬರುತ್ತವೆ. ಆಮೇಲೆ ಭಾವಚಿತ್ರ ಮತ್ತು ಸಹಿ. ಆಮೇಲೆ ವಿದ್ಯಾಭ್ಯಾಸ, ವರ್ಗ, ರಾಜ್ಯ, ಪರೀಕ್ಷಾ ಕೇಂದ್ರ ಮುಂತಾದ ವಿವರಗಳು. ಆಮೇಲೆ ಎಲ್ಲವನ್ನೂ ಒಟ್ಟಿಗೆ ತೋರಿಸುವ ಪರಿಶೀಲನಾ ಪುಟ. ಎಡಗೈ ಹೆಬ್ಬೆಟ್ಟಿನ ಗುರುತು, ಕೈಬರಹದ ಘೋಷಣೆ. ಕೊನೆಗೆ ಶುಲ್ಕ.

ಇದರಲ್ಲಿ ಮೊದಲ ಹಂತವನ್ನು ಆಕೆ ಯೋಚನೆಯಿಲ್ಲದೆ ಫೋನಿನಲ್ಲೇ ಮಾಡಬಹುದು. ಎಲ್ಲ ಉತ್ತರಗಳೂ ಬಾಯಲ್ಲೇ ಇವೆ. ನೋಂದಣಿ ಸಂಖ್ಯೆ ಬರುವುದೂ ಅದೇ ಫೋನಿಗೆ. ಒಂದು ಎಚ್ಚರಿಕೆ ಮಾತ್ರ ಬೇಕು. ಫೋನಿನ ಕೀಲಿಮಣೆ ಪದವನ್ನು ಸೂಚಿಸಿದಾಗ ಅದನ್ನು ಒತ್ತಿ ಆರಿಸಿಕೊಂಡರೆ, ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ. ಇಮೇಲ್ ವಿಳಾಸ ಸರಿಯಾಗಿಯೇ ಇದ್ದರೂ ತಾಣ ಒಪ್ಪದಿದ್ದರೆ ಬಹುಮಟ್ಟಿಗೆ ಕಾರಣ ಇದೇ. ಇನ್ನೊಂದು, ನಮ್ಮ ಹೆಸರುಗಳು ಇಂಗ್ಲಿಷ್ ಕೀಲಿಮಣೆಗೆ ಪರಿಚಯವಿಲ್ಲದವು. ಅದು ತನಗೆ ಗೊತ್ತಿರುವ ಪದಕ್ಕೆ ತಿದ್ದಿಬಿಡುತ್ತದೆ. ಹೆಸರಿನಲ್ಲಿ ಒಂದಕ್ಷರ ಬದಲಾದರೂ ಮುಂದೆ ದಾಖಲೆ ಪರಿಶೀಲನೆಯ ದಿನ ಉತ್ತರ ಕೊಡಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು, ಹೆಸರನ್ನು ಒಂದೊಂದಕ್ಷರವಾಗಿ ಹೋಲಿಸಿಯೇ ಮುಂದೆ ಹೋಗಬೇಕು.

ಈ ನೋಂದಣಿ ಸಂಖ್ಯೆಯೇ ಫೋನಿಗೂ ಕಂಪ್ಯೂಟರಿಗೂ ನಡುವಿನ ಸೇತುವೆ. ಅದು ಬಂದಮೇಲೆ ಅರ್ಜಿ ಇರುವುದು ಐಬಿಪಿಎಸ್ ಸರ್ವರಿನಲ್ಲಿ, ಫೋನಿನಲ್ಲಿ ಅಲ್ಲ. ಯಾವ ಯಂತ್ರದಿಂದ ಲಾಗಿನ್ ಆದರೂ ಅದೇ ಅರ್ಜಿ ತೆರೆದುಕೊಳ್ಳುತ್ತದೆ. ಆದರೆ ಅಲ್ಲಿಗೆ ಹೋಗಿ ಉಳಿಯುವುದು `Save & Next` ಒತ್ತಿದ ಪುಟಗಳಷ್ಟೇ. ಅರ್ಧ ತುಂಬಿ ಬಿಟ್ಟ ಪುಟ ಎಲ್ಲೂ ಉಳಿಯುವುದಿಲ್ಲ. ಆದ್ದರಿಂದ ಫೋನಿನಿಂದ ಕಂಪ್ಯೂಟರಿಗೆ ಹೋಗುವುದಾದರೆ ಒಂದು ಪುಟ ಉಳಿಸಿದ ಮೇಲೆಯೇ ಹೋಗಬೇಕು. ಅನುಮಾನವಿದ್ದರೆ ಪರೀಕ್ಷೆ ಸುಲಭ: ಮೊದಲ ಪುಟ ಉಳಿಸಿ, ಲಾಗೌಟ್ ಆಗಿ, ಮತ್ತೆ ಲಾಗಿನ್ ಆಗಿ. ತುಂಬಿದ್ದು ಹಾಗೇ ಕಂಡರೆ ಈ ಅರ್ಜಿಯನ್ನು ತುಂಡು ತುಂಡಾಗಿ, ಬೇರೆ ಬೇರೆ ಯಂತ್ರಗಳಲ್ಲಿ ತುಂಬಬಹುದು. ಖಾಲಿ ಬಂದರೆ ಅದು ಒಂದೇ ಉಸಿರಿನಲ್ಲಿ ಮುಗಿಸಬೇಕಾದ ಅರ್ಜಿ. ಅಂಥದ್ದು ಸ್ವಲ್ಪ ಉದ್ದವಿದ್ದರೂ ಸಾಕು, ನಾನು ಫೋನಿನಲ್ಲಿ ಶುರು ಮಾಡಬೇಡಿ ಎನ್ನುತ್ತೇನೆ.

ಇಲ್ಲಿ ಲಾಗಿನ್ ಅವಧಿಯ ಮಾತೂ ಬರುತ್ತದೆ. ಬಹಳಷ್ಟು ಸರ್ಕಾರಿ ತಾಣಗಳು ಒಂದಷ್ಟು ಹೊತ್ತು ಸುದ್ದಿಯಿಲ್ಲದಿದ್ದರೆ ನಮ್ಮನ್ನು ಹೊರಹಾಕುತ್ತವೆ. ಅವಧಿ ತಾಣದಿಂದ ತಾಣಕ್ಕೆ ಬೇರೆ. ನಾವು ಟೈಪ್ ಮಾಡುತ್ತಲೇ ಇದ್ದರೂ ಸರ್ವರಿಗೆ ಅದು ತಿಳಿಯಬೇಕೆಂದಿಲ್ಲ. ಗುಂಡಿ ಒತ್ತಿ ಏನಾದರೂ ಕಳಿಸಿದಾಗಲೇ ಅದಕ್ಕೆ ನಾವಿದ್ದೇವೆ ಎಂದು ಗೊತ್ತಾಗುವುದು. ಫೋನಿನಲ್ಲಿ ಒಂದು ಉದ್ದನೆಯ ಪುಟ ತುಂಬಲು ಕಂಪ್ಯೂಟರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಎಲ್ಲ ತುಂಬಿ ಕೊನೆಗೆ ಉಳಿಸಲು ಒತ್ತಿದಾಗ ಲಾಗಿನ್ ಪುಟ ಎದುರಾಗುವುದು ಇದರಿಂದಲೇ.

ಎರಡನೆಯ ಹಂತಕ್ಕೆ ಬರೋಣ. ಜನ ಹೆಚ್ಚು ಎಡವುವುದು ಇಲ್ಲಿ, ಚಿತ್ರಗಳ ವಿಷಯದಲ್ಲಿ. ಐಬಿಪಿಎಸ್ ಕೇಳುವ ಭಾವಚಿತ್ರ 200 x 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 x 60 ಪಿಕ್ಸೆಲ್, 10ರಿಂದ 20 ಕೆಬಿ. ಹೆಬ್ಬೆಟ್ಟು 240 x 240, 20ರಿಂದ 50 ಕೆಬಿ. ಘೋಷಣೆ 800 x 400, 50ರಿಂದ 100 ಕೆಬಿ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಚಿತ್ರ ಮೂರ್ನಾಲ್ಕು ಸಾವಿರ ಕೆಬಿ ಇರುತ್ತದೆ. ಅದನ್ನು ಹತ್ತಾರು ಪಟ್ಟು, ಸಹಿಯಾದರೆ ನೂರು ಪಟ್ಟಿಗೂ ಹೆಚ್ಚು ಕುಗ್ಗಿಸಬೇಕು.

ಚಿತ್ರ ತೆಗೆಯುವುದಕ್ಕೆ ಫೋನಿನಷ್ಟು ಒಳ್ಳೆಯ ಸಾಧನ ಬೇರೆ ಬೇಕಿಲ್ಲ. ಒಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ತೆಳುವಾಗಿ ಮೂರು ಚೌಕ ಹಾಕಿಕೊಳ್ಳಿ: ಸಹಿಗೆ 7 ಸೆಂಟಿಮೀಟರ್ ಅಗಲ, 3 ಎತ್ತರ, ಹೆಬ್ಬೆಟ್ಟಿಗೆ 3 x 3, ಘೋಷಣೆಗೆ 10 x 5. ಈ ಅಳತೆಗಳ ಅನುಪಾತವೂ ಅಧಿಸೂಚನೆಯ ಪಿಕ್ಸೆಲ್ ಅನುಪಾತವೂ ಒಂದೇ, ಹಾಗಾಗಿ ಚೌಕದ ಒಳಗೇ ಕತ್ತರಿಸಿದರೆ ಚಿತ್ರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಸಹಿ ಕಪ್ಪು ಶಾಯಿಯಲ್ಲಿರಲಿ. ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದ ಇಂಗ್ಲಿಷ್ ಸಹಿಯನ್ನು ಅವರು ಒಪ್ಪುವುದಿಲ್ಲ. ಘೋಷಣೆಯನ್ನು ಅಭ್ಯರ್ಥಿಯೇ ಸ್ವಂತ ಕೈಬರಹದಲ್ಲಿ, ಇಂಗ್ಲಿಷಿನಲ್ಲೇ ಬರೆಯಬೇಕು. ಹಾಳೆಯನ್ನು ಕಿಟಕಿಯ ಬೆಳಕಿಗೆ ಇಟ್ಟು, ಫ್ಲ್ಯಾಶ್ ಇಲ್ಲದೆ, ಫೋನನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆದರೆ ನೆರಳು ಬೀಳುವುದಿಲ್ಲ. ಅರ್ಜಿಯ ಪುಟದಲ್ಲಿ ಚಿತ್ರ ಏರಿಸುವ ಗುಂಡಿ ಒತ್ತಿ ಅಲ್ಲಿಂದಲೇ ಕ್ಯಾಮೆರಾ ತೆರೆಯುವುದು ಮಾತ್ರ ಬೇಡ. ಬ್ರೌಸರ್ ಹಿಂದೆಯೇ ಮುಚ್ಚಿಹೋಗುವ ಜಾಗ ಅದೇ.

ಚಿತ್ರವನ್ನು ಕತ್ತರಿಸಿ ಕುಗ್ಗಿಸುವುದು ಕಂಪ್ಯೂಟರಿನ ಕೆಲಸ. ಫೋನಿನ ಗ್ಯಾಲರಿಯಲ್ಲಿ ಬೆರಳಿನಿಂದ ಕತ್ತರಿಸಬಹುದು, ಆದರೆ ಇಷ್ಟೇ ಪಿಕ್ಸೆಲ್ ಇರಲಿ ಎಂದು ಹೇಳುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕಾಗಿ ಯಾವುದೋ ಅಪರಿಚಿತ ಆ್ಯಪ್ ಹಾಕಿಕೊಂಡು, ಅದಕ್ಕೆ ನಿಮ್ಮ ಸಹಿ, ಹೆಬ್ಬೆಟ್ಟುಗಳನ್ನು ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ. ಅದೇ ಕಂಪ್ಯೂಟರಿನ ಪೇಂಟ್‌ನಲ್ಲಿ ಚಿತ್ರ ತೆರೆದು, `Select` ಮಾಡಿ ಚೌಕ ಹಿಡಿದು `Crop` ಒತ್ತಿ, `Resize` ತೆರೆದು `Pixels` ಆರಿಸಿ ಅಗಲ ಕೊಟ್ಟರೆ ಎತ್ತರ ತಾನೇ ಸರಿಹೋಗುತ್ತದೆ. ಜೆಪೆಗ್ ಆಗಿ ಉಳಿಸಿ, ಕಡತದ ಮೇಲೆ ಬಲಗುಂಡಿ ಒತ್ತಿ `Properties` ನೋಡಿದರೆ ಎಷ್ಟು ಕೆಬಿ ಎಂದು ಕಾಣುತ್ತದೆ. ಅಲ್ಲಿ `Size` ಎಂಬ ಸಾಲನ್ನು ನೋಡಬೇಕು. `Size on disk` ಬೇರೆ ಲೆಕ್ಕ.

ಸಹಿಯ ವಿಷಯದಲ್ಲಿ ಒಂದು ಸಿಕ್ಕು ಬಹಳ ಮಂದಿಯನ್ನು ಕಾಡುತ್ತದೆ. ಹೇಳಿದ ಹಾಗೆ ಸರಿಯಾಗಿ 140 x 60ಕ್ಕೆ ಇಳಿಸಿದರೆ ಎಷ್ಟೋ ಸಲ ಕಡತ ಮೂರ್ನಾಲ್ಕು ಕೆಬಿಗೆ ಬಂದುಬಿಡುತ್ತದೆ. ಅವರು ಕೇಳುವುದು ಕನಿಷ್ಠ 10. ತಾಣ ಒಪ್ಪುವುದಿಲ್ಲ, ಅಭ್ಯರ್ಥಿಗೆ ಕಾರಣ ತಿಳಿಯುವುದಿಲ್ಲ. ಚಿತ್ರ ದೊಡ್ಡದಾಯಿತೇನೋ ಎಂದು ಇನ್ನೂ ಕುಗ್ಗಿಸುತ್ತಾರೆ. ಅಧಿಸೂಚನೆಯಲ್ಲಿ ಪಿಕ್ಸೆಲ್ ಅಳತೆಯ ಮುಂದೆ ಇದು ಅಪೇಕ್ಷಿತ ಅಳತೆ ಎಂದಿರುತ್ತದೆ, ಕೆಬಿ ಮಿತಿ ಮಾತ್ರ ಕಡ್ಡಾಯ. ಹಾಗಾಗಿ ಅನುಪಾತ ಕೆಡಿಸದೆ ಅಗಲವನ್ನು 350ಕ್ಕೆ ಇಟ್ಟು ನೋಡಿ. ಎತ್ತರ 150 ಆಗುತ್ತದೆ. ಕಡತ 10 ಕೆಬಿಗಿಂತ ಕೆಳಗೇ ಇದ್ದರೆ ಅಗಲವನ್ನು ಸ್ವಲ್ಪ ಏರಿಸಿ, 20 ದಾಟಿದರೆ ಸ್ವಲ್ಪ ಇಳಿಸಿ. ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ ಇದು. ಇದನ್ನೇ ಫೋನಿನಲ್ಲಿ ಮಾಡಹೋದರೆ ಒಂದೊಂದು ಪ್ರಯತ್ನಕ್ಕೂ ಪುಟ ಬಿಟ್ಟು ಹೋಗಿ ಬರಬೇಕು.

ಇತ್ತೀಚಿನ ಅಧಿಸೂಚನೆಗಳಲ್ಲಿ ಇವೆಲ್ಲದರ ಜೊತೆಗೆ ಇನ್ನೊಂದು ಸೇರಿದೆ: ಅರ್ಜಿ ತುಂಬುವಾಗಲೇ ವೆಬ್‌ಕ್ಯಾಮ್ ಅಥವಾ ಫೋನ್ ಕ್ಯಾಮೆರಾದಲ್ಲಿ ಅಭ್ಯರ್ಥಿಯ ಮುಖವನ್ನು ನೇರವಾಗಿ ಸೆರೆಹಿಡಿಯಬೇಕು. ಹಳೆಯ ಚಿತ್ರ ಏರಿಸಿದರೆ ಆಗದು. ಸೈಬರ್ ಸೆಂಟರಿನ ಹಳೆಯ ಕಂಪ್ಯೂಟರುಗಳಲ್ಲಿ ಎಷ್ಟೋ ಕಡೆ ಕ್ಯಾಮೆರಾ ಇರುವುದಿಲ್ಲ. ಹೋಗುವ ಮೊದಲು ಕೇಳಿಕೊಳ್ಳುವುದು ಮೇಲು. ಇಲ್ಲವೆಂದರೆ ಈ ಒಂದು ಹೆಜ್ಜೆಯನ್ನು ಫೋನಿನಲ್ಲಿ ಲಾಗಿನ್ ಆಗಿ ಮುಗಿಸಿಕೊಳ್ಳಬೇಕು. ಬ್ರೌಸರ್ ಕ್ಯಾಮೆರಾ ಬಳಸಲು ಅನುಮತಿ ಕೇಳಿದಾಗ ಗಾಬರಿಯಲ್ಲಿ `Block` ಒತ್ತಿದರೆ ಆಮೇಲೆ ಎಷ್ಟು ಒತ್ತಿದರೂ ಕ್ಯಾಮೆರಾ ತೆರೆಯದು. ವಿಳಾಸಪಟ್ಟಿಯ ಪಕ್ಕದ ಗುರುತನ್ನು ಒತ್ತಿ ಅನುಮತಿಯನ್ನು ಮತ್ತೆ ಕೊಡಬೇಕಾಗುತ್ತದೆ.

ವಿವರಗಳ ಪುಟವೇ ಅತಿ ಉದ್ದದ್ದು. ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕೆನ್ನಲು ನನಗೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಶೇಕಡಾವಾರು. ಪದವಿಯ ಅಂಕಗಳನ್ನು ದಶಮಾಂಶದ ಎರಡು ಸ್ಥಾನದವರೆಗೆ ಕೊಡಬೇಕು. ನಮ್ಮ ಅಭ್ಯರ್ಥಿಗೆ ಎಲ್ಲ ಸೆಮಿಸ್ಟರ್ ಸೇರಿ 3600ಕ್ಕೆ 2157 ಬಂದಿದೆ ಎನ್ನಿ. ಭಾಗಿಸಿದರೆ 59.92. ಅದನ್ನು 60 ಎಂದು ಬರೆಯುವ ಹಾಗಿಲ್ಲ, 59.99 ಬಂದರೂ ಅದು 60ಕ್ಕಿಂತ ಕಡಿಮೆಯೇ ಎಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಸಿಜಿಪಿಎ ಇದ್ದವರು ತಮ್ಮ ವಿಶ್ವವಿದ್ಯಾಲಯ ಹೇಳುವ ಸೂತ್ರದಂತೆ ಶೇಕಡಾವಾರಿಗೆ ಬದಲಿಸಿಕೊಳ್ಳಬೇಕು. ಆರು ಅಂಕಪಟ್ಟಿ ತಿರುವಿ ಹಾಕಿ, ಕೂಡಿಸಿ, ಕ್ಯಾಲ್ಕ್ಯುಲೇಟರಿನಲ್ಲಿ ಭಾಗಿಸಿ ಬರುವ ಹೊತ್ತಿಗೆ ಫೋನಿನಲ್ಲಿ ತೆರೆದಿಟ್ಟ ಪುಟ ಉಳಿದಿರುತ್ತದೆ ಎಂಬ ಭರವಸೆಯಿಲ್ಲ. ಫೋನಿನಲ್ಲೇ ಮಾಡುವ ಅನಿವಾರ್ಯ ಇರುವವರು ಈ ಲೆಕ್ಕಗಳನ್ನೆಲ್ಲ ಮೊದಲೇ ಮುಗಿಸಿ, ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಳ್ಳಬೇಕು. ಫೋನಿನೊಳಗಿನ ಟಿಪ್ಪಣಿಯಲ್ಲಿ ಬೇಡ, ಕಾಗದದ ಮೇಲೆ. ಕಾಗದ ನೋಡಲು ಪುಟ ಬಿಟ್ಟು ಹೋಗಬೇಕಾಗಿಲ್ಲ. ಹೊರಗೆ ಹೋಗಬೇಕಾದ ಸಲಗಳನ್ನು ಹೀಗೆ ಕಡಿಮೆ ಮಾಡಿಕೊಂಡರೆ ಕಷ್ಟದ ಅರ್ಜಿಯೂ ಫೋನಿಗೆ ಒಗ್ಗುತ್ತದೆ.

ಎರಡನೆಯದು ಪಟ್ಟಿಯಿಂದ ಆರಿಸುವ ಉತ್ತರಗಳು. ಗುಮಾಸ್ತ ಹುದ್ದೆಗೆ ಒಂದು ರಾಜ್ಯಕ್ಕೆ ಮಾತ್ರ ಅರ್ಜಿ ಹಾಕಬಹುದು. ಇಂಗ್ಲಿಷ್ ಅಕಾರಾದಿಯಲ್ಲಿ ಕರ್ನಾಟಕದ ಮೇಲೆ ಜಾರ್ಖಂಡ್ ಇದೆ, ಕೆಳಗೆ ಕೇರಳ. ಸಣ್ಣ ಪರದೆಯಲ್ಲಿ ಪಟ್ಟಿ ಸರಿಸುತ್ತಾ ಬೆರಳು ಒಂದು ಸಾಲು ಜಾರಿದರೆ ಆಕೆ ಕೇರಳದ ಹುದ್ದೆಗೆ ಅರ್ಜಿ ಹಾಕಿದಂತೆ, ಅದೂ ಅಲ್ಲಿನ ಭಾಷೆ ಬಾರದೆ. ಇದು ಕಣ್ಣಿಗೆ ಬೀಳಬೇಕಾದ್ದು ಪರಿಶೀಲನಾ ಪುಟದಲ್ಲಿ. ಫೋನಿನಲ್ಲಿ ಆ ಪುಟದ ಕೋಷ್ಟಕ ಪರದೆಗಿಂತ ಅಗಲವಾಗಿರುತ್ತದೆ. ಪ್ರಶ್ನೆ ಎಡಕ್ಕೆ ಕಾಣುತ್ತದೆ, ಉತ್ತರ ಪರದೆಯಾಚೆ ಇರುತ್ತದೆ. ಸರಿಸಿ ನೋಡುತ್ತಾ ನೋಡುತ್ತಾ ಯಾವ ಉತ್ತರ ಯಾವ ಪ್ರಶ್ನೆಗೆ ಎಂಬುದೇ ತಪ್ಪುತ್ತದೆ. ಬ್ರೌಸರಿನಲ್ಲಿ `Desktop site` ಆರಿಸಿದರೆ ಪುಟವೇನೋ ಕಂಪ್ಯೂಟರಿನಲ್ಲಿ ಕಾಣುವಂತೆ ಕಾಣುತ್ತದೆ, ಆದರೆ ಅಕ್ಷರಗಳು ಇರುವೆಯಷ್ಟಾಗುತ್ತವೆ. ಮೆಮೊರಿಯ ತೊಂದರೆಗೆ ಅದರಿಂದ ಏನೂ ಉಪಯೋಗವಿಲ್ಲ. ಉಳಿದೆಲ್ಲವನ್ನೂ ಫೋನಿನಲ್ಲಿ ಮಾಡಿದವರು ಕೂಡ ಈ ಪರಿಶೀಲನೆ ಒಂದನ್ನು ದೊಡ್ಡ ಪರದೆಯಲ್ಲಿ, ಇನ್ನೊಬ್ಬರು ಅಂಕಪಟ್ಟಿ ಹಿಡಿದು ಓದುತ್ತಿರುವಾಗ ಮಾಡುವುದು ಒಳ್ಳೆಯದು. `Complete Registration` ಒತ್ತಿದ ಮೇಲೆ ಬದಲಾವಣೆಗೆ ಅವಕಾಶವಿಲ್ಲ ಎಂದೇ ಅಧಿಸೂಚನೆ ಹೇಳುತ್ತದೆ. ಕೆಲವು ನೇಮಕಾತಿಗಳಲ್ಲಿ ಆಮೇಲೆ ತಿದ್ದುಪಡಿಗೆ ಒಂದೆರಡು ದಿನ ಕೊಡುವುದುಂಟು, ಅದನ್ನು ನೆಚ್ಚಿಕೊಳ್ಳಬಾರದು.

ಕಂಪ್ಯೂಟರಿನಲ್ಲಿಯೂ ಅದರದೇ ಅಪಾಯಗಳಿವೆ. ಅಂಕ ತುಂಬುವ ಚೌಕದಲ್ಲಿ ಕರ್ಸರ್ ಇರುವಾಗಲೇ ಪುಟ ಕೆಳಗಿಳಿಸಲು ಮೌಸಿನ ಚಕ್ರ ತಿರುಗಿಸಿದರೆ ಕೆಲವು ತಾಣಗಳಲ್ಲಿ ಪುಟದ ಬದಲು ಚೌಕದೊಳಗಿನ ಸಂಖ್ಯೆ ಬದಲಾಗುತ್ತದೆ. 78 ಇದ್ದದ್ದು ಸದ್ದಿಲ್ಲದೆ 77 ಆಗಿರುತ್ತದೆ. ಸಂಖ್ಯೆ ತುಂಬಿದ ಮೇಲೆ ಪುಟದ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿಯೇ ಕೆಳಗಿಳಿಯುವುದು ಒಳ್ಳೆಯ ಅಭ್ಯಾಸ. ಸೈಬರ್ ಸೆಂಟರಿನಲ್ಲಾದರೆ ಇನ್ನೊಂದು: ಹಿಂದೆ ಕೂತಿದ್ದವರ ವಿಳಾಸ, ಫೋನ್ ನಂಬರುಗಳನ್ನು ಬ್ರೌಸರ್ ನೆನಪಿಟ್ಟುಕೊಂಡು ತಾನಾಗಿಯೇ ತುಂಬುತ್ತದೆ. ಬೇಗ ಆಗಲಿ ಎಂದು ಅಂಗಡಿಯವರು ತಮ್ಮದೇ ಮೊಬೈಲ್ ನಂಬರು, ಇಮೇಲ್ ಕೊಡುವುದೂ ಉಂಟು. ಪ್ರವೇಶಪತ್ರದ ಸುದ್ದಿ ಮುಂತಾದವೆಲ್ಲ ಅಲ್ಲಿಗೇ ಹೋಗುತ್ತವೆ. ನೋಂದಣಿಯ ಮೊದಲ ಹಂತವನ್ನು ಮನೆಯಲ್ಲಿ ನಿಮ್ಮ ಫೋನಿನಲ್ಲೇ ಮುಗಿಸಿಕೊಂಡು ಹೋಗಿ ಎನ್ನಲು ಇದೂ ಒಂದು ಬಲವಾದ ಕಾರಣ.

ಕನ್ನಡದಲ್ಲಿ ತುಂಬಬೇಕಾದ ಅರ್ಜಿಗಳಲ್ಲಿ ಮಾತು ತಿರುಗುಮುರುಗಾಗುತ್ತದೆ. ರಾಜ್ಯ ಸರ್ಕಾರದ ಕೆಲವು ಅರ್ಜಿಗಳು ಹೆಸರು, ವಿಳಾಸಗಳನ್ನು ಕನ್ನಡದಲ್ಲೂ ಕೇಳುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ತಂತ್ರಾಂಶವಿದ್ದು, ಅದರ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬೀಳುತ್ತದೆ. ಹಳೆಯ ನುಡಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂರಿಸುತ್ತಿತ್ತು. ಫಾಂಟ್ ಇದ್ದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ತಾಣಗಳಿಗೆ ಬೇಕಾದ್ದು ಯುನಿಕೋಡ್. ಫೋನಿನ ಕನ್ನಡ ಕೀಲಿಮಣೆಗಳೆಲ್ಲ ಯುನಿಕೋಡಿನಲ್ಲೇ ಬರೆಯುತ್ತವೆ. ಆದ್ದರಿಂದ ಇಂಥ ಅರ್ಜಿಯ ಕನ್ನಡ ಭಾಗಕ್ಕೆ ಫೋನೇ ಮೇಲು. ಉಳಿದದ್ದು ಕಂಪ್ಯೂಟರಿನಲ್ಲೇ ಆಗಬೇಕಿದ್ದರೆ ಕನ್ನಡದ ಸಾಲುಗಳನ್ನು ಫೋನಿನಲ್ಲಿ ಬರೆದು ನಿಮಗೇ ಇಮೇಲ್ ಮಾಡಿಕೊಂಡು ಅಲ್ಲಿ ಅಂಟಿಸಬಹುದು. ವಿಂಡೋಸಿನಲ್ಲಿಯೂ ಕನ್ನಡ ಕೀಲಿಮಣೆ ಸೇರಿಸಿಕೊಳ್ಳುವ ಅವಕಾಶವಿದೆ, ಆದರೆ ಅಪರಿಚಿತ ಕಂಪ್ಯೂಟರಿನಲ್ಲಿ ಅದಕ್ಕೆಲ್ಲ ಸಮಯ ಸಿಗುವುದು ಕಷ್ಟ.

ಪೂರ್ತಿ ಫೋನಿಗೇ ಹೇಳಿಮಾಡಿಸಿದ ಅರ್ಜಿಗಳೂ ಇವೆ. ಮತದಾರರ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ನಮೂನೆ 6 ಅಂಥದ್ದು. ಉತ್ತರಗಳೆಲ್ಲ ಗೊತ್ತಿರುವವೇ, ಚಿತ್ರದ ಮಿತಿ ಧಾರಾಳ, ಒಂದೆರಡು ದಾಖಲೆ, ಶುಲ್ಕವಿಲ್ಲ. ಆಧಾರ್ ಮುಖ ದೃಢೀಕರಣ ಬೇಡುವ ಅರ್ಜಿಗಳಿಗಂತೂ ಕ್ಯಾಮೆರಾ ಇರುವ ಫೋನೇ ಬೇಕು.

ಹಾಗಾದರೆ ಫೋನಿನಲ್ಲಿ ಶುರು ಮಾಡಿದ್ದನ್ನು ಎಲ್ಲಿ ನಿಲ್ಲಿಸಬೇಕು? ಒಮ್ಮೆ ಪುಟ ಖಾಲಿಯಾದರೆ ಅದು ಆಕಸ್ಮಿಕ ಎಂದುಕೊಂಡು, ಬೇರೆ ಆ್ಯಪುಗಳನ್ನೆಲ್ಲ ಮುಚ್ಚಿ ಮತ್ತೆ ತುಂಬಿ. ಅದೇ ಪುಟ ಎರಡನೆಯ ಸಲವೂ ಖಾಲಿಯಾದರೆ ಆ ಫೋನಿಗೆ ಆ ಪುಟ ಆಗುವುದಿಲ್ಲ. ಮೂರನೆಯ ಸಲ ತುಂಬುವುದು ಬೇಡ. ಗುಂಡಿ ಒತ್ತಿದರೂ ಏನೂ ಆಗದಿದ್ದರೆ ಪುಟದ ತುದಿಯವರೆಗೆ ಮೇಲಕ್ಕೆ ಹೋಗಿ ನೋಡಿ. ತಪ್ಪು ತಿಳಿಸುವ ಕೆಂಪು ಸಾಲು ಕೀಲಿಮಣೆಯ ಮರೆಗೋ ಪರದೆಯ ಆಚೆಗೋ ಇರುತ್ತದೆ. ಚಿತ್ರದ ಗಾತ್ರ ಸರಿಯಿಲ್ಲ ಎಂದು ಒಂದೇ ಚಿತ್ರ ಎರಡು ಸಲ ವಾಪಸಾದರೂ ಅಲ್ಲಿಗೇ ನಿಲ್ಲಿಸಿ ಕಂಪ್ಯೂಟರಿನ ಬಳಿ ಹೋಗುವುದು ವಾಸಿ. ಕೊನೆಯ ದಿನಾಂಕಕ್ಕೆ ಮೂರ್ನಾಲ್ಕು ದಿನವಾದರೂ ಇರುವಾಗ ಇದು ಗೊತ್ತಾದರೆ ಚಿಂತೆಯಿಲ್ಲ.

ಉಳಿದದ್ದು ಶುಲ್ಕ. ಐಬಿಪಿಎಸ್ ಗುಮಾಸ್ತ ಅರ್ಜಿಗೆ ಈಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 850 ರೂಪಾಯಿ, ಪರಿಶಿಷ್ಟರು ಮತ್ತು ಅಂಗವಿಕಲರಿಗೆ 175 ರೂಪಾಯಿ ಇದೆ. ಯುಪಿಐನಿಂದ ಕಟ್ಟುವುದಾದರೆ ಫೋನಿನ ಬ್ರೌಸರಿನಿಂದ ಹೊರಟು ಪಾವತಿ ಆ್ಯಪಿಗೆ ಹೋಗಿ, ಪಿನ್ ಹಾಕಿ, ಮರಳಿ ಬ್ರೌಸರಿಗೆ ಬರಬೇಕು. ಆ ನಡುವೆ ಬ್ರೌಸರ್ ಮುಚ್ಚಿಹೋದರೆ ಹಣ ಹೋಗಿರುತ್ತದೆ, ರಸೀದಿ ಬಂದಿರುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಕ್ಯೂಆರ್ ಕೋಡ್ ತೋರಿಸುವ ಆಯ್ಕೆ ಇದ್ದರೆ ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಿ ಕಟ್ಟುವುದು ಎಲ್ಲಕ್ಕಿಂತ ನಿರಾಳ: ಪಾವತಿ ಫೋನಿನಲ್ಲಿ, ಪುಟ ಕಂಪ್ಯೂಟರಿನಲ್ಲಿ, ಎರಡೂ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ. ರಸೀದಿ ಬರುವವರೆಗೆ ಹಿಂದಿನ ಪುಟದ ಗುಂಡಿಯನ್ನಾಗಲಿ ರಿಫ್ರೆಶ್ ಗುಂಡಿಯನ್ನಾಗಲಿ ಮುಟ್ಟಬಾರದು. ಇ-ರಸೀದಿ ಬರಲಿಲ್ಲವೆಂದರೆ ಪಾವತಿ ಆಗಿಲ್ಲವೆಂದೇ ಐಬಿಪಿಎಸ್ ಲೆಕ್ಕ. ಖಾತೆಯಿಂದ ಹಣ ಕಡಿತವಾಗಿದ್ದರೂ ಕೂಡಲೇ ಎರಡನೆಯ ಸಲ ಕಟ್ಟಬೇಡಿ. ಸ್ವಲ್ಪ ಹೊತ್ತು ಬಿಟ್ಟು ಅದೇ ನೋಂದಣಿ ಸಂಖ್ಯೆಯಿಂದ ಲಾಗಿನ್ ಆಗಿ ಪಾವತಿಯ ಸ್ಥಿತಿ ನೋಡಿ, ಆಗಿಲ್ಲವೆಂದು ಖಚಿತವಾದ ಮೇಲೆಯೇ ಮತ್ತೆ ಕಟ್ಟಿ.

ರಸೀದಿಯೂ ಪೂರ್ತಿ ಅರ್ಜಿಯೂ ಕೈಗೆ ಬಂದ ಮೇಲೆ ಕಂಟ್ರೋಲ್ ಕೀಲಿಯೊಡನೆ ಪಿ ಒತ್ತಿ, ಮುದ್ರಕದ ಜಾಗದಲ್ಲಿ `Save as PDF` ಆರಿಸಿ ಉಳಿಸಿ, ಅದನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ. ರಸೀದಿ ಹೊಸ ಕಿಟಕಿಯಲ್ಲಿ ತೆರೆಯಬೇಕಿದ್ದು ತೆರೆಯದಿದ್ದರೆ ಬ್ರೌಸರ್ ಪಾಪ್‌ಅಪ್ ತಡೆದಿರುತ್ತದೆ. ವಿಳಾಸಪಟ್ಟಿಯ ತುದಿಯ ಸಣ್ಣ ಗುರುತು ಒತ್ತಿ ಅನುಮತಿ ಕೊಡಬೇಕು. ಸೈಬರ್ ಸೆಂಟರಿನ ಕಂಪ್ಯೂಟರಾಗಿದ್ದರೆ ಏಳುವ ಮೊದಲು ಇನ್ನು ಸ್ವಲ್ಪ ಕೆಲಸವಿದೆ. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ. ಅರ್ಜಿಯ ತಾಣದಿಂದಲೂ ಇಮೇಲಿನಿಂದಲೂ ಲಾಗೌಟ್ ಆಗಿ. ಚಿತ್ರಗಳನ್ನು ವಾಟ್ಸ್‌ಆ್ಯಪ್ ವೆಬ್ ಮೂಲಕ ತಂದಿದ್ದರೆ ನಿಮ್ಮ ಫೋನಿನ ವಾಟ್ಸ್‌ಆ್ಯಪಿನಲ್ಲಿ `Linked devices` ತೆರೆದು ಆ ಕಂಪ್ಯೂಟರನ್ನು ಅಲ್ಲಿಂದ ತೆಗೆದುಹಾಕಿ. ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪಿನಲ್ಲಿ ಉಳಿದಿರುವ ಸಹಿ, ಹೆಬ್ಬೆಟ್ಟು, ಆಧಾರ್ ಕಡತಗಳನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.